ಹಿಂದಿನ ಸಾಲಿನ ಖಾರಾ ಬಿಸ್ಕತ್ತು

ಅಯ್ಯಂಗಾರ್ ಬೇಕರಿಯ ಖಾರಾ ಬಿಸ್ಕತ್ತನ್ನು ಮನೆಯಲ್ಲಿ ಮಾಡಹೊರಟರೆ ಹಿಟ್ಟಿನ ಹದ ಎರಡು ಮೂರು ಸಲದಲ್ಲಿ ಕೈಗೆ ಹತ್ತುತ್ತದೆ. ಹತ್ತದಿರುವುದು ಬಣ್ಣ. ನನ್ನ ಓಟಿಜಿಯ ಟ್ರೇಯಲ್ಲಿ ನಾಲ್ಕು ಸಾಲಿಗೆ 16 ಬಿಸ್ಕತ್ತು ಹಿಡಿಯುತ್ತವೆ. ಹಿಂದಿನ ಸಾಲು ಕಾಫಿಪುಡಿಯ ಬಣ್ಣಕ್ಕೆ ತಿರುಗಿದಾಗಲೂ ಬಾಗಿಲ ಪಕ್ಕದ ಸಾಲು ಬಿಳಚಿಕೊಂಡೇ ಕೂತಿರುತ್ತಿತ್ತು. ವರ್ಷವಿಡೀ ನಾನು ಬೈದದ್ದು ಬೆಣ್ಣೆಯನ್ನು.

ತಪ್ಪು ಓವನ್‌ನದು ಎಂದು ತೋರಿಸಿಕೊಟ್ಟದ್ದು ಒಂದು ಪೌಂಡ್ ಬ್ರೆಡ್. ಓವನ್ನನ್ನು 180 ಡಿಗ್ರಿಗಿಟ್ಟು, ಮೇಲಿನ ಕೆಳಗಿನ ರಾಡ್‌ಗಳೆರಡನ್ನೂ ಹಾಕಿ, ಇಪ್ಪತ್ತು ನಿಮಿಷ ಕಾಯಿಸಬೇಕು. ಆಮೇಲೆ ಟ್ರೇ ಇಲ್ಲದೆ, ನಡುವಿನ ತಂತಿ ಜಾಲರಿಯ ಮೇಲೆಯೇ ಬ್ರೆಡ್ ಹೋಳುಗಳನ್ನು ಒತ್ತೊತ್ತಾಗಿ ಹರಡಬೇಕು. ನನ್ನದರಲ್ಲಿ ಹಿಂದೆ ಮೂರು, ಮುಂದೆ ಮೂರು ಹಿಡಿದವು. ಒಂದೇ ಪೌಂಡಿನ ಹೋಳುಗಳಾಗಿರಲಿ. ಸಿಹಿ ಬ್ರೆಡ್ ಬೇಗ ಕೆಂಪಾಗುವುದರಿಂದ ಬೆರಕೆ ಮಾಡಿದರೆ ಲೆಕ್ಕ ತಪ್ಪುತ್ತದೆ. ಒಂದೆರಡು ಹೋಳು ಚೆನ್ನಾಗಿ ಕೆಂಪಾದ ಕೂಡಲೇ, ಎಂಟು ಹತ್ತು ನಿಮಿಷದಲ್ಲಿ, ಎಲ್ಲವನ್ನೂ ಇದ್ದ ಕ್ರಮದಲ್ಲೇ ತೆಗೆದು ಮೇಜಿನ ಮೇಲೆ ಜೋಡಿಸಿ ಒಂದು ಫೋಟೋ ತೆಗೆದುಕೊಳ್ಳಿ. ಮತ್ತೆ ಎಲ್ಲವನ್ನೂ ಮಗುಚಿ ಇನ್ನೊಂದು ಫೋಟೋ. ಹೋಳಿನ ಮೇಲ್ಮೈ ಹೇಳುವುದು ಮೇಲಿನ ರಾಡಿನ ಕಥೆ, ತಳ ಹೇಳುವುದು ಕೆಳಗಿನದರ ಕಥೆ.

ನನ್ನ ಹೋಳುಗಳಲ್ಲಿ ಹಿಂದಿನ ಮೂರೂ ಕೆಂಪಗಿದ್ದವು, ಎಡಮೂಲೆಯದಂತೂ ಕರಿಕಲು. ತಳಭಾಗದಲ್ಲಿ ಅಷ್ಟು ವ್ಯತ್ಯಾಸವಿರಲಿಲ್ಲ. ಓವನ್ ತಣ್ಣಗಾದ ಮೇಲೆ ಟಾರ್ಚ್ ಬಿಟ್ಟು ನೋಡಿದರೆ ಮೇಲಿನ ರಾಡ್ ಆ ಮೂಲೆಯಲ್ಲಿ ತುಸು ಜೋತುಬಿದ್ದಿತ್ತು. ಸೌದೆ ಒಲೆಯ ಮುಂದೆ ಕೂತವರ ಮುಖ ಸುಡುವಾಗಲೂ ಬೆನ್ನು ತಣ್ಣಗಿರುತ್ತದಲ್ಲ, ಪುಟ್ಟ ಓವನ್‌ನಲ್ಲೂ ಅದೇ. ಕೆಂಡದಂತಾದ ರಾಡಿನ ಝಳ ಹತ್ತಿರ ಇದ್ದದ್ದಕ್ಕೆ ಹೆಚ್ಚು ಬಡಿಯುತ್ತದೆ. ಇತ್ತ ಬಾಗಿಲ ಗಾಜು ಶಾಖವನ್ನು ಹೊರಗೆ ಬಿಟ್ಟುಕೊಡುತ್ತಿರುತ್ತದೆ.

ಇನ್ನು ಥರ್ಮಾಮೀಟರ್. ಜಾಲರಿಗೆ ತೂಗುಹಾಕುವ, ಮುಳ್ಳಿರುವ ಉಕ್ಕಿನ ಬಿಲ್ಲೆ ಸಾಕು. ದೂರದಿಂದ ಗುರಿಯಿಟ್ಟು ನೋಡುವ ಗನ್ ಇಲ್ಲಿ ಉಪಯೋಗಕ್ಕಿಲ್ಲ. ಅದು ಗೋಡೆಯ ಮೈಬಿಸಿ ಹೇಳುತ್ತದೆ, ಗಾಳಿಯದನ್ನಲ್ಲ. ಬಿಲ್ಲೆ ಜಾಲರಿಯ ನಟ್ಟನಡುವೆ, ಬಿಸ್ಕತ್ತು ಕೂರುವ ಮಟ್ಟದಲ್ಲಿರಲಿ. ನೋಡುವುದು ಗಾಜಿನ ಹೊರಗಿನಿಂದಲೇ. ಬಾಗಿಲು ತೆರೆದರೆ ಮುಳ್ಳು ಬಿದ್ದೇ ಬೀಳುತ್ತದೆ.

ಒಂದು ಸಲ ನೋಡಿ ನಂಬಿಬಿಡುವುದು ಇಲ್ಲಿ ಎಲ್ಲರೂ ಮಾಡುವ ತಪ್ಪು. ರಾಡ್ ಆರುತ್ತ ಹೊತ್ತುತ್ತ ಇರುವುದರಿಂದ ಬಿಸಿ ಉಯ್ಯಾಲೆಯಾಡುತ್ತದೆ. ದೀಪ ಮೊದಲ ಬಾರಿ ಆರಿದಾಗ ಗೋಡೆಗಳು ಇನ್ನೂ ಪೂರ್ತಿ ಕಾದಿರುವುದಿಲ್ಲ. ಹಾಗಾಗಿ ಇಪ್ಪತ್ತು ನಿಮಿಷ ಬಿಟ್ಟು, ಮುಂದಿನ ಅರ್ಧ ಗಂಟೆ ಮುಳ್ಳು ಏರಿದ ತುದಿ, ಇಳಿದ ತುದಿ ಎರಡನ್ನೂ ಬರೆದುಕೊಂಡೆ. ನಾಬ್ 180 ತೋರಿಸುತ್ತಿದ್ದಾಗ ಒಳಗೆ ಮುಳ್ಳು 185 ಮತ್ತು 215ರ ನಡುವೆ ಓಡಾಡುತ್ತಿತ್ತು. ಸರಾಸರಿ 200. ನಾಬನ್ನು 160ರ ಹತ್ತಿರಕ್ಕೆ ತಂದಾಗ ಒಳಗೆ 180 ಬಂತು. ಅಲ್ಲಿ ಮಾರ್ಕರ್‌ನಿಂದ ಗೆರೆ ಎಳೆದೆ. ಈ ಇಪ್ಪತ್ತು ಡಿಗ್ರಿಯ ವ್ಯತ್ಯಾಸ ಎಲ್ಲ ಕಡೆ ಇಷ್ಟೇ ಇರುತ್ತದೆಂದಲ್ಲ. 150ಕ್ಕೂ 220ಕ್ಕೂ ಬೇರೆಯಾಗಿಯೇ ಅಳೆಯಬೇಕು.

ಥರ್ಮಾಮೀಟರ್ ಮೂಲೆಯ ಉರಿಯನ್ನು ತಗ್ಗಿಸುವುದಿಲ್ಲ. ಅದಕ್ಕೆ ಜಾಲರಿಯನ್ನೇ ಸರಿಪಡಿಸಿಕೊಳ್ಳಬೇಕು. ಓವನ್‌ನ ನಡುವಿಗೆ ಬರಬೇಕಾದದ್ದು ಜಾಲರಿಯಲ್ಲ, ತಿನಿಸು. ಬಿಸ್ಕತ್ತಿಗೆ ನಡುವಿನ ಮೆಟ್ಟಿಲು ಸರಿ. ಉಬ್ಬುವ ಬ್ರೆಡ್ಡಿಗೆ ಒಂದು ಮೆಟ್ಟಿಲು ಕೆಳಗೆ. ಓವನ್ ಜೊತೆ ಬರುವ, ಗೋಡೆಯಿಂದ ಗೋಡೆಗೆ ಹೊಂದುವ ಟ್ರೇ ಒಳಗಿನ ಜಾಗವನ್ನು ಎರಡು ಕೋಣೆ ಮಾಡಿ, ಗಾಳಿ ಓಡಾಡದಂತೆ ಅಡ್ಡ ನಿಲ್ಲುತ್ತದೆ. ಸುತ್ತ ಎರಡು ಬೆರಳು ಜಾಗ ಬಿಡುವ ಚಿಕ್ಕ ಟ್ರೇ ಕೊಂಡೆ. ಫ್ಯಾನ್ ಇಲ್ಲದ ಓವನ್‌ನಲ್ಲಿ ಎರಡು ಟ್ರೇ ಒಟ್ಟಿಗಿಡುವ ಆಸೆ ಬೇಡ.

ಈಗ ನಿಜವಾದ 170 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ ಬೇಯಿಸುತ್ತೇನೆ. ಉರಿ ತಗ್ಗಿದಷ್ಟೂ ಮೂಲೆಯ ಆರ್ಭಟ ಕಡಿಮೆ. ಹನ್ನೆರಡನೇ ನಿಮಿಷಕ್ಕೆ ಟ್ರೇಯ ಹಿಂಬದಿಯನ್ನು ಮುಂದಕ್ಕೆ ತಿರುಗಿಸುತ್ತೇನೆ. ಕೇಕಾದರೆ ಇಷ್ಟು ಬೇಗ ಬಾಗಿಲಿಗೆ ಕೈ ಹಾಕಬೇಡಿ, ನಡು ಕುಸಿಯುತ್ತದೆ. ಮುಕ್ಕಾಲು ಪಾಲು ಬೆಂದ ಮೇಲೆ ತಿರುಗಿಸಿ.

ಇಷ್ಟೆಲ್ಲ ಮಾಡಿದರೂ ಹಿಂದಿನ ಎಡಮೂಲೆ ಮಾತ್ರ ಹಟ ಬಿಟ್ಟಿಲ್ಲ. ಆ ಜಾಗವನ್ನು ಖಾಲಿ ಬಿಡುತ್ತೇನೆ. ಚಿಕ್ಕ ಟ್ರೇಯಲ್ಲಿ ಈಗ ಹನ್ನೊಂದೇ ಬಿಸ್ಕತ್ತು, ಹನ್ನೊಂದೂ ಒಂದೇ ಬಣ್ಣ.