ಐಪೀಸ್ ಎಲ್ಲಿದೆ, ಅದನ್ನು ಮೊದಲು ನೋಡಿ

ಅಕ್ಕನ ಮಗ ಕಳೆದ ತಿಂಗಳು ಫೋನಿಗೆ ಒಂದು ಫೋಟೋ ಕಳಿಸಿದ. ಯಾರೋ ಬಳಸಿ ಮಾರಾಟಕ್ಕಿಟ್ಟಿದ್ದ ದೂರದರ್ಶಕ. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನೀಲಿ ಬಣ್ಣದ ಕೊಳವೆ. ಆಕಾಶದ ಕಡೆಗಿದ್ದ ತುದಿಯ ಹತ್ತಿರ ಪಕ್ಕಕ್ಕೆ ಚಾಚಿಕೊಂಡ ಕಪ್ಪು ಮೂತಿ, ಅದರ ಮಗ್ಗುಲಲ್ಲೇ ಇನ್ನೊಂದು ಪುಟ್ಟ ಕೊಳವೆ. ‘ದೊಡ್ಡ ಲೆನ್ಸಿನ ದೂರದರ್ಶಕ’ ಎಂದು ಮಾರುವವರು ಬರೆದಿದ್ದರು. ‘ಮಾಮ, ರಾತ್ರಿ ಚಂದ್ರನ್ನ ನೋಡ್ತೀನಿ, ಬೆಳಿಗ್ಗೆ ಕೆರೆ ಏರಿ ಮೇಲೆ ಕೂತು ಹಕ್ಕಿ ನೋಡ್ತೀನಿ. ತಗೊಳ್ಲಾ?’ ಎಂದು ಹುಡುಗ ಕೇಳಿದ್ದ.

ಅದರಲ್ಲಿ ದೊಡ್ಡ ಲೆನ್ಸ್ ಇರಲೇ ಇಲ್ಲ. ಇದ್ದದ್ದು ಕನ್ನಡಿ. ಉಪಕರಣವನ್ನು ಮುಟ್ಟದೆ, ಹೆಸರು ಓದದೆ, ಒಂದೇ ಫೋಟೋದಿಂದ ಇದನ್ನು ಹೇಳಬಹುದು. ಬಣ್ಣ, ಗಾತ್ರ, ಸ್ಟ್ಯಾಂಡು ಇವು ಯಾವುವೂ ಗುರುತಿಗೆ ಒದಗುವುದಿಲ್ಲ. ಬೆಳಕು ಎಲ್ಲಿಂದ ಒಳಗೆ ಹೋಗುತ್ತದೆ, ಕಣ್ಣಿಡುವ ಐಪೀಸಿನಿಂದ ಎಲ್ಲಿ ಹೊರಗೆ ಬರುತ್ತದೆ ಎಂದಷ್ಟೇ ನೋಡಬೇಕು.

ಬೈನಾಕ್ಯುಲರಿನಿಂದ ಶುರು ಮಾಡೋಣ. ಅದನ್ನು ಗುರುತಿಸಲು ಎಣಿಸಿದರೆ ಸಾಕು: ಮುಂದೆ ಎರಡು ಗಾಜು, ಹಿಂದೆ ಎರಡು ಐಪೀಸು, ನಡುವೆ ಬೆರಳಲ್ಲಿ ತಿರುಗಿಸುವ ಗಾಲಿ. ಹಳೆಯ ಮಾದರಿಗಳಲ್ಲಿ ಮುಂದಿನ ಗಾಜುಗಳ ನಡುವಿನ ಅಂತರ ಐಪೀಸುಗಳ ಅಂತರಕ್ಕಿಂತ ಹೆಚ್ಚು. ಕೊಳವೆ ಮಧ್ಯದಲ್ಲಿ ಭುಜದಂತೆ ಉಬ್ಬಿರುತ್ತದೆ. ಆ ಉಬ್ಬಿನೊಳಗೆ ಕೂತ ಪಟ್ಟಕಗಳು ಬೆಳಕನ್ನು ಅಡ್ಡಾದಿಡ್ಡಿ ತಿರುಗಿಸಿ, ತಲೆಕೆಳಗಾದ ಬಿಂಬವನ್ನು ನೇರ ಮಾಡಿ ಕೊಡುತ್ತವೆ. ಇನ್ನೊಂದು ಬಗೆಯಲ್ಲಿ ಪಟ್ಟಕಗಳ ಜೋಡಣೆಯೇ ಬೇರೆ, ಹಾಗಾಗಿ ಕೊಳವೆಗಳು ನೆಟ್ಟಗೆ ಕಾಣುತ್ತವೆ. ಎಣಿಸುವಾಗ ಎರಡೂ ತುದಿಗಳನ್ನು ಎಣಿಸಬೇಕು. ಕೆಲವರು ಸಾಮಾನ್ಯ ದೂರದರ್ಶಕಕ್ಕೇ ಎರಡು ಕಣ್ಣಿನ ಜೋಡಣೆ ಹಾಕಿಕೊಂಡಿರುತ್ತಾರೆ. ಹಿಂದೆ ಎರಡು ಐಪೀಸಿದ್ದರೂ ಮುಂದೆ ಬಾಯಿ ಒಂದೇ ಇದ್ದರೆ ಅದು ಬೈನಾಕ್ಯುಲರ್ ಅಲ್ಲ.

ಒಂದೇ ಕೊಳವೆ ಇದ್ದಾಗ ಐಪೀಸ್ ಯಾವ ತುದಿಯಲ್ಲಿದೆ ಎಂದು ನೋಡಿ. ಮಸೂರದ ದೂರದರ್ಶಕದಲ್ಲಿ, ಅಂದರೆ ವಕ್ರೀಭವನ ದೂರದರ್ಶಕದಲ್ಲಿ, ಬೆಳಕು ಮುಂದಿನ ಗಾಜಿನಲ್ಲಿ ಬಾಗಿ, ಕೊಳವೆಯುದ್ದಕ್ಕೂ ಸಾಗಿ, ಹಿಂದಿನ ತುದಿಯಲ್ಲಿ ಒಟ್ಟುಗೂಡುತ್ತದೆ. ಆದ್ದರಿಂದ ಐಪೀಸ್ ಆಕಾಶಕ್ಕೆ ಬೆನ್ನು ಮಾಡಿದ ಹಿಂತುದಿಯಲ್ಲೇ ಇರಬೇಕು. ಹೆಚ್ಚಿನವುಗಳಲ್ಲಿ ಅಲ್ಲಿ ಮೊಣಕೈಯಂತೆ ಬಾಗಿದ ಒಂದು ತುಂಡು ಕಾಣುತ್ತದೆ. ಕತ್ತು ನೋಯದೆ ನೋಡಲಿ ಎಂದು ಬೆಳಕನ್ನು ಮೇಲಕ್ಕೆ ತಿರುಗಿಸುವ ತುಂಡು ಅದು. ಹಿಂಭಾಗ ಸಣ್ಣಗಾಗುತ್ತ ಹೋಗಿರುತ್ತದೆ, ಎರಡೂ ಪಕ್ಕ ತಿರುಪುಗುಂಡಿಗಳಿರುತ್ತವೆ. ಮುಂದಿನ ತುದಿಯಲ್ಲಿ ಇಬ್ಬನಿ ತಡೆಯುವ, ಕೊಳವೆಗಿಂತ ತುಸು ಅಗಲವಾದ ಬಳೆಯಿರುತ್ತದೆ. ಅದರೊಳಗಿನ ಗಾಜು ಅಂಚಿನಿಂದ ಅಂಚಿಗೆ ಖಾಲಿ. ನಡುವೆ ಏನೂ ಅಡ್ಡ ಇರುವುದಿಲ್ಲ.

ಪ್ರತಿಫಲನ ದೂರದರ್ಶಕದಲ್ಲಿ ದಾರಿಯೇ ಬೇರೆ. ಐಸಾಕ್ ನ್ಯೂಟನ್ 1668ರಲ್ಲಿ ಮಾಡಿದ ಪುಟ್ಟ ದೂರದರ್ಶಕದ ಕ್ರಮ ಇಂದಿಗೂ ಹಾಗೇ ಉಳಿದಿದೆ. ಕೊಳವೆಯ ಬಾಯಿ ತೆರೆದಿರುತ್ತದೆ. ಬೆಳಕು ನೇರ ತಳಕ್ಕೆ ಹೋಗಿ, ಅಲ್ಲಿನ ಗುಳಿಬಿದ್ದ ಕನ್ನಡಿಗೆ ಬಡಿದು, ಕೂಡಿಕೊಳ್ಳುತ್ತ ಮತ್ತೆ ಬಾಯಿಯ ಕಡೆಗೇ ಬರುತ್ತದೆ. ಬಾಯಿಗೆ ಅಡ್ಡಲಾಗಿ ಕಣ್ಣಿಟ್ಟರೆ ನೋಡುವವನ ತಲೆಯೇ ಬೆಳಕನ್ನು ತಡೆಯುತ್ತದಲ್ಲ? ಅದಕ್ಕಾಗಿ ಅಲ್ಲೊಂದು ಚಿಕ್ಕ ಕನ್ನಡಿಯನ್ನು 45 ಡಿಗ್ರಿ ಓರೆಯಾಗಿಟ್ಟು, ಬೆಳಕನ್ನು ಕೊಳವೆಯ ಪಕ್ಕದ ತೂತಿನಿಂದ ಹೊರಗೆ ಕಳಿಸುತ್ತಾರೆ. ಐಪೀಸ್ ಬಾಯಿಯ ಹತ್ತಿರ, ಕೊಳವೆಯ ಮಗ್ಗುಲಲ್ಲಿ ಇರುವುದು ಈ ಕಾರಣಕ್ಕೆ. ನೋಡುವವನು ದೂರದರ್ಶಕದ ಹಿಂದೆ ಬಗ್ಗದೆ, ಪಕ್ಕದಲ್ಲಿ ನಿಂತು ಕೊಳವೆಗೆ ಅಡ್ಡಲಾಗಿ ಕಣ್ಣಿಡುತ್ತಾನೆ. ಅಂಗಡಿಯ ಗಾಜಿನ ಹಿಂದೆ ಇಟ್ಟಿರುವಾಗ ಕೆಲವೊಮ್ಮೆ ಐಪೀಸ್ ಕೆಳಗೆ, ತೆರೆದ ಬಾಯಿ ನೆಲದ ಕಡೆಗೆ ಇರುವುದನ್ನು ಕಾಣಬಹುದು. ಜೋಡಿಸಿದವರು ಇದನ್ನು ಮಸೂರದ್ದೆಂದು ತಿಳಿದು ತಲೆಕೆಳಗಾಗಿ ಕೂರಿಸಿದ್ದಾರೆ ಎಂದೇ ಅರ್ಥ.

ಹುಡುಗ ಕಳಿಸಿದ ಫೋಟೋದಲ್ಲಿ ಕಪ್ಪು ಮೂತಿ ಇದ್ದದ್ದು ಸರಿಯಾಗಿ ಈ ಜಾಗದಲ್ಲಿ. ಇನ್ನೊಂದು ಗುರುತಿಗಾಗಿ ಪರದೆಯ ಮೇಲೆ ಸ್ಕೇಲ್ ಇಟ್ಟೆ. ಕೊಳವೆಯ ಉದ್ದ ಅದರ ಅಗಲದ ಆರು ಪಟ್ಟು ಹತ್ತಿರ ಬಂತು. 114 ಮಿಲಿಮೀಟರ್ ಕನ್ನಡಿ, 900 ಮಿಲಿಮೀಟರ್ ಸಂಗಮ ದೂರ ಇರುವ ಸಾಮಾನ್ಯ ಮಾದರಿಗೆ ಈ ಅಳತೆ ಹೊಂದುತ್ತದೆ. ಅಷ್ಟೇ ಸಂಗಮ ದೂರದ 70 ಮಿಲಿಮೀಟರ್ ಮಸೂರದ ದೂರದರ್ಶಕವಾಗಿದ್ದರೆ ಕೊಳವೆ ಇನ್ನೂ ಸಪೂರವಾಗಿ, ಉದ್ದ ಅಗಲದ ಹತ್ತು ಪಟ್ಟಿಗಿಂತ ಹೆಚ್ಚಿರುತ್ತಿತ್ತು. ಪಕ್ಕದ ಪುಟ್ಟ ಕೊಳವೆ ಗುರಿ ಹಿಡಿಯಲು ಇಟ್ಟದ್ದು. ಅದು ಮಾತ್ರ ಮಸೂರದ್ದು. ಗಾಜು ಕಣ್ಣಿಗೆ ಕಾಣುವುದು ಅದೊಂದರಲ್ಲೇ ಆದ್ದರಿಂದ, ಅದನ್ನು ನೋಡಿ ಇಡೀ ದೂರದರ್ಶಕ ಮಸೂರದ್ದೆಂದು ತಿಳಿಯುವವರಿದ್ದಾರೆ.

ಐಪೀಸಿನ ಸಾಕ್ಷ್ಯ ಒಂದು ಕಡೆ ಮಾತ್ರ ದಾರಿ ತಪ್ಪಿಸುತ್ತದೆ. ಕ್ಯಾಸೆಗ್ರೇನ್ ಬಗೆಯ ದೂರದರ್ಶಕದಲ್ಲಿಯೂ ಐಪೀಸ್ ಹಿಂತುದಿಯಲ್ಲೇ ಇರುತ್ತದೆ, ಆದರೆ ಒಳಗಿರುವುದು ಕನ್ನಡಿ. ತಳದ ಕನ್ನಡಿಯ ನಡುವೆ ತೂತಿರುತ್ತದೆ. ಬೆಳಕು ಮೇಲೆ ಹೋಗಿ ಚಿಕ್ಕ ಕನ್ನಡಿಗೆ ಬಡಿದು, ಹಿಂತಿರುಗಿ ಆ ತೂತಿನಿಂದ ಹೊರಬರುತ್ತದೆ. ದಾರಿ ಮಡಚಿಕೊಂಡದ್ದರಿಂದ ಕೊಳವೆ ಡಬ್ಬದಂತೆ ಗಿಡ್ಡವಾಗಿ ದಪ್ಪಗಿರುತ್ತದೆ, ಹಿಂದಕ್ಕೆ ಸಣ್ಣಗಾಗುವುದಿಲ್ಲ. ಎಷ್ಟೋ ಮಾದರಿಗಳಲ್ಲಿ ಮುಂದೆಯೂ ಗಾಜಿನ ಮುಚ್ಚಳವಿರುವುದರಿಂದ ಗೊಂದಲ ಇನ್ನೂ ಹೆಚ್ಚು. ಆ ಗಾಜಿನ ಮಧ್ಯೆ ದುಂಡಗಿನ ಅಡ್ಡ ಕಂಡರೆ ಅದರ ಹಿಂದೆ ಚಿಕ್ಕ ಕನ್ನಡಿ ಇದೆ ಎಂದು ತಿಳಿಯಿರಿ. ಮಸೂರದ ದೂರದರ್ಶಕದ ಮುಖದಲ್ಲಿ ಆ ಅಡ್ಡ ಎಂದೂ ಇರದು.

ಮುಚ್ಚಳ ತೆಗೆದು, ಎದುರಿನಿಂದ ಇನ್ನೊಂದು ಫೋಟೋ ತರಿಸಿಕೋ ಎಂದು ಹುಡುಗನಿಗೆ ಹೇಳಿದೆ. ಮರುದಿನ ಬಂತು. ಬಾಯಿಗೆ ಅಡ್ಡಲಾಗಿ ತೆಳ್ಳನೆಯ ಲೋಹದ ಪಟ್ಟಿಗಳು, ಅವು ಕೂಡುವಲ್ಲಿ ಓರೆ ಕನ್ನಡಿ, ತೀರಾ ಆಳದಲ್ಲಿ ದೊಡ್ಡ ಕನ್ನಡಿ. ಅದರಲ್ಲಿ ಫೋಟೋ ತೆಗೆದವರ ಕೈ ತಲೆಕೆಳಗಾಗಿ ಮೂಡಿತ್ತು. ಕನ್ನಡಿಯ ಅಂಚಿನಲ್ಲಿ ಬೂದು ಮಚ್ಚೆಗಳಿದ್ದವು. ಮನೆಯ ಕನ್ನಡಿಗೆ ಲೇಪ ಗಾಜಿನ ಹಿಂದಿರುತ್ತದೆ. ದೂರದರ್ಶಕದ ಕನ್ನಡಿಗೆ ಅಲ್ಯೂಮಿನಿಯಂ ಲೇಪ ಗಾಜಿನ ಮುಂದೆಯೇ ಇರುತ್ತದೆ. ತೇವ ತಾಗಿದರೆ ಅದು ಹೀಗೆ ಕೆಡುತ್ತದೆ. ಬಟ್ಟೆಯಿಂದ ಒರೆಸಿದರೆ ಇನ್ನಷ್ಟು ಹೋಗುತ್ತದೆ.

‘ಚಂದ್ರನ ಕುಳಿಗಳು ಇದರಲ್ಲಿ ಈಗಲೂ ಚೆನ್ನಾಗಿ ಕಾಣ್ತಾವೆ. ಆದರೆ ಕೆರೆಯ ಕೊಕ್ಕರೆ ತಲೆಕೆಳಗಾಗಿ ನಿಂತಿರುತ್ತೆ ಕಣೋ. ಇದನ್ನ ಹೊತ್ತು ಏರಿ ಹತ್ತೋದೂ ಕಷ್ಟ’ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಎರಡು ಬೈನಾಕ್ಯುಲರುಗಳ ಫೋಟೋ ಕಳಿಸಿದ. ಕೆಳಗೆ ತಾನೇ ಬರೆದಿದ್ದ: ‘ಮೊದಲನೇದು ಭುಜ ಇರೋದು, ಎರಡನೇದು ನೆಟ್ಟಗಿರೋದು. ಸರಿ ತಾನೆ ಮಾಮ?’