ಹಗ್ಗ ಹಿಡಿದ ಮುದುಕಿ, ಹಸಿದ ಕಾಗೆ

ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ, ಕೆನಡಾದ ಬ್ರಿಟಿಷ್ ಕೊಲಂಬಿಯಾದಿಂದ ಅಲಾಸ್ಕಾದವರೆಗೆ, ಸಮುದ್ರದ ಭರತ ಇಳಿತಕ್ಕೆ ಕಾರಣ ಹೇಳುವ ಕಾಗೆಯ ಕಥೆಯೊಂದು ಬಳಕೆಯಲ್ಲಿದೆ. ಇದು ಅಲ್ಲಿನ ಮೂಲನಿವಾಸಿಗಳಾದ ಸಿಮ್‌ಶಿಯನ್ ಮತ್ತು ಟ್ಲಿಂಗಿಟ್ ಜನರ ಕಥೆ. ಸಿಮ್‌ಶಿಯನ್ ರೂಪ ಮಾನವಶಾಸ್ತ್ರಜ್ಞ ಫ್ರಾನ್ಸ್ ಬೋವಾಸ್ 1916ರಲ್ಲಿ ಪ್ರಕಟಿಸಿದ ದೊಡ್ಡ ಸಂಗ್ರಹದಲ್ಲಿದೆ. ಅವರಿಗೆ ಕಥೆಗಳನ್ನು ಬರೆದು ಕಳಿಸಿದವರು ಅದೇ ಸಮುದಾಯದ ಹೆನ್ರಿ ಟೇಟ್. ಇಂಗ್ಲಿಷಿನಲ್ಲಿ ಮಕ್ಕಳಿಗಾಗಿ ಮತ್ತೆ ಮತ್ತೆ ಹೇಳಲಾಗಿರುವ ಈ ಕಥೆಯ ಕಾಗೆ ನಮ್ಮ ಊರಿನ ಕಾಗೆಗಿಂತ ಬಹಳ ದೊಡ್ಡದಾದ, ಅಚ್ಚ ಕಪ್ಪು ಬಣ್ಣದ ರೇವನ್. ಅದಕ್ಕೆ ಹಸಿವೂ ಹೆಚ್ಚು, ಕುತೂಹಲವೂ ಹೆಚ್ಚು.

ಕಥೆ ಚಿಕ್ಕದು. ಆ ಕಾಲದಲ್ಲಿ ಸಮುದ್ರ ಯಾವಾಗಲೂ ತುಂಬಿಕೊಂಡೇ ಇರುತ್ತಿತ್ತು. ಚಿಪ್ಪು, ಏಡಿ, ಬಸವನಹುಳು ಎಲ್ಲವೂ ನೀರಿನಡಿ, ಕಾಗೆಗೆ ಒಂದೂ ಸಿಗದು. ನೀರು ಯಾಕೆ ಇಳಿಯುವುದಿಲ್ಲ ಎಂದು ಹುಡುಕುತ್ತ ಹೋದ ಕಾಗೆಗೆ ಒಬ್ಬ ಮುದುಕಿ ಕಾಣುತ್ತಾಳೆ. ಭರತದ ಹಗ್ಗ ಅವಳ ಕೈಯಲ್ಲಿದೆ, ಅವಳು ಬಿಗಿಯಾಗಿ ಹಿಡಿದಷ್ಟು ಕಾಲ ನೀರು ಮೇಲೆಯೇ. ಕಾಗೆ ಅವಳೆದುರು ಕೂತು, ಆಹಾ, ಈ ಚಿಪ್ಪು ಎಷ್ಟು ರುಚಿ ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತದೆ. ಎಲ್ಲಿ ಸಿಕ್ಕಿತು, ಯಾವ ಚಿಪ್ಪು ಎಂದು ಮುದುಕಿ ಆಸೆಯಿಂದ ಬಾಗಿದ್ದೇ ತಡ, ಕಾಗೆ ಅವಳನ್ನು ಹಿಂದಕ್ಕೆ ತಳ್ಳಿ ಕಣ್ಣಿಗೆ ಮಣ್ಣು ಎರಚುತ್ತದೆ. ಹಗ್ಗ ಕೈಬಿಡುತ್ತದೆ, ಸಮುದ್ರ ದೂರಕ್ಕೆ ಸರಿಯುತ್ತದೆ. ಕಾಗೆ ಹೊಟ್ಟೆ ಬಿರಿಯುವಷ್ಟು ತಿನ್ನುತ್ತದೆ.

ಮಕ್ಕಳಿಗೆ ಹೇಳುವ ಈಚಿನ ರೂಪಗಳಲ್ಲಿ ಇಲ್ಲೊಂದು ತೊಡಕು ಸೇರಿಕೊಂಡಿದೆ. ಹಗ್ಗ ಸಡಿಲವಾಗಿಯೇ ಉಳಿದದ್ದರಿಂದ ನೀರಿನ ಜೀವಿಗಳು ಒಣಗಿ ಸಾಯತೊಡಗುತ್ತವೆ, ಆಗ ಕಾಗೆ ಮುದುಕಿಯ ಬಳಿ ಮರಳುತ್ತದೆ. ಬೋವಾಸ್ ಸಂಗ್ರಹದಲ್ಲಿ ಇಂಥ ಕರುಣೆಯ ಮಾತಿಲ್ಲ, ಅಲ್ಲಿ ನಡೆಯುವುದು ಶುದ್ಧ ವ್ಯಾಪಾರ. ಕಣ್ಣು ವಾಸಿಮಾಡು ಎಂದು ಮುದುಕಿ ಬೇಡಿಕೊಳ್ಳುತ್ತಾಳೆ, ದಿನಕ್ಕೆ ಎರಡು ಸಲ ಹಗ್ಗ ಸಡಿಲಿಸುವುದಾದರೆ ಸರಿ ಎನ್ನುತ್ತದೆ ಕಾಗೆ. ಅವಳು ಒಪ್ಪುತ್ತಾಳೆ. ಅಂದಿನಿಂದ ನೀರು ದಿನಕ್ಕೆರಡು ಸಲ ಏರಿ ಇಳಿಯುತ್ತಿದೆ.

ಕಥೆಯಲ್ಲಿ ಗಮನಿಸಬೇಕಾದದ್ದು ಈ ‘ಎರಡು ಸಲ’. ಹಗ್ಗ, ಮುದುಕಿ ಕಲ್ಪನೆಯಾದರೂ ಎಣಿಕೆ ದಡದಲ್ಲಿ ಕೂತು ನೋಡಿದವರದು. ಈ ಎಣಿಕೆಯಲ್ಲಿ ದೊಡ್ಡವರೇ ಎಡವಿದ್ದುಂಟು. ಗೆಲಿಲಿಯೋ 1632ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಭೂಮಿಯ ಚಲನೆಯಿಂದಲೇ ಸಮುದ್ರ ತುಳುಕಿ ಭರತ ಉಂಟಾಗುತ್ತದೆ ಎಂದು ವಾದಿಸಿ, ಚಂದ್ರನ ಕೈವಾಡವನ್ನು ನಂಬಿದ ಕೆಪ್ಲರನನ್ನು ಆಕ್ಷೇಪಿಸಿದ. ಆದರೆ ಅವನ ಲೆಕ್ಕದಿಂದ ನೇರವಾಗಿ ಹೊರಡುವುದು ದಿನಕ್ಕೆ ಒಂದೇ ಭರತ. ಎರಡನೆಯದಕ್ಕೆ ಅವನು ಸಮುದ್ರದ ಆಳ, ಉದ್ದಗಳ ಕಡೆ ಕೈತೋರಿಸಬೇಕಾಯಿತು.

ಆ ಕರಾವಳಿಯಲ್ಲಿ ಇಳಿತ ಎಂದರೆ ನೀರು ನಾಲ್ಕು ಹೆಜ್ಜೆ ಹಿಂದೆ ಸರಿಯುವುದಲ್ಲ. ಅಲಾಸ್ಕಾದ ಜೂನೋ ಪಟ್ಟಣದಲ್ಲಿ ದಿನದ ಅತಿ ಎತ್ತರದ ಭರತಕ್ಕೂ ಅತಿ ತಗ್ಗಿನ ಇಳಿತಕ್ಕೂ ಸರಾಸರಿ ಸುಮಾರು 5 ಮೀಟರ್ ವ್ಯತ್ಯಾಸ. ಕರ್ನಾಟಕದ ಕರಾವಳಿಯಲ್ಲಿ ಈ ಏರಿಳಿತ ಸುಮಾರು 2 ಮೀಟರಿನೊಳಗೇ ಮುಗಿಯುತ್ತದೆ. ಐದು ಮೀಟರ್ ನೀರು ಇಳಿದಾಗ ಬಯಲಾಗುವ ಕೆಸರು, ಕಲ್ಲುಗಳ ಮೇಲೆ ಮಂಗಳೂರಿನವರು ಮರುವಾಯಿ ಎನ್ನುವಂಥ ಚಿಪ್ಪುಗಳು, ಕಡಲ ಬಸವನಹುಳುಗಳು, ಮುಳ್ಳುಚೆಂಡಿನಂಥ ಕಡಲಜೀವಿಗಳು ರಾಶಿ ಬಿದ್ದಿರುತ್ತವೆ. ನೀರಿಳಿದರೆ ಊಟಕ್ಕೆ ಎಲೆ ಹಾಕಿದಂತೆ ಎಂಬರ್ಥದ ಮಾತು ಟ್ಲಿಂಗಿಟರಲ್ಲಿ ಇಂದಿಗೂ ಬಳಕೆಯಲ್ಲಿದೆ.

ಕಾಗೆಗಳೂ ಈ ಹೊತ್ತಿಗೆ ಕಾದಿರುತ್ತವೆ. ಬ್ರಿಟಿಷ್ ಕೊಲಂಬಿಯಾದ ಮ್ಯಾಂಡಾರ್ಟ್ ದ್ವೀಪದಲ್ಲಿ ರೆಟೊ ಜಾಕ್ ಎಂಬ ಜೀವವಿಜ್ಞಾನಿ 1970ರ ದಶಕದಲ್ಲಿ ಕಾಗೆಗಳನ್ನು ದೀರ್ಘವಾಗಿ ಗಮನಿಸಿದ. ನೀರು ಇಳಿಯುತ್ತಿದ್ದಂತೆ ಅವು ಕಲ್ಲುಗಳ ನಡುವೆ ಇಳಿದು ಬಸವನಹುಳುಗಳನ್ನು ಆರಿಸುತ್ತಿದ್ದವು. ಚಿಕ್ಕದನ್ನು ಮುಟ್ಟುತ್ತಿರಲಿಲ್ಲ, ಒಮ್ಮೊಮ್ಮೆ ಎತ್ತಿಕೊಂಡರೂ ಮತ್ತೆ ಕೆಳಗಿಡುತ್ತಿದ್ದವು. ದೊಡ್ಡದನ್ನು ಕೊಕ್ಕಿನಲ್ಲಿ ಕಚ್ಚಿ ಸುಮಾರು 5 ಮೀಟರ್ ಮೇಲಕ್ಕೆ ಹಾರಿ ಬಂಡೆಯ ಮೇಲೆ ಬೀಳಿಸುತ್ತಿದ್ದವು. ಒಡೆಯದಿದ್ದರೆ ಅದನ್ನೇ ಮತ್ತೆ ಎತ್ತಿಕೊಂಡು ಹಾರುವುದು, ಒಡೆಯುವ ತನಕ. ಜಾಕ್ ತಾನೇ ಬೇರೆ ಬೇರೆ ಎತ್ತರಗಳಿಂದ ಬೀಳಿಸಿ ನೋಡಿದಾಗ ಕಾಗೆಗಳ ಲೆಕ್ಕ ಸರಿಯಾಗಿತ್ತು. ದೊಡ್ಡ ಚಿಪ್ಪು ಬೇಗ ಒಡೆಯುತ್ತದೆ, ಒಳಗೆ ಮಾಂಸವೂ ಹೆಚ್ಚು. ಐದು ಮೀಟರಿಗಿಂತ ಬಹಳ ಮೇಲೆ ಹೋದರೆ ಹಾರುವ ಶ್ರಮ ಹೆಚ್ಚುತ್ತದೆಯೇ ಹೊರತು ಲಾಭ ಅಷ್ಟು ಹೆಚ್ಚುವುದಿಲ್ಲ.

ಇಂಥ ಕಾಗೆ ಗಡಿಯಾರ ನೋಡಬಲ್ಲದಾಗಿದ್ದರೆ ಮುದುಕಿಯ ಮಾತಿನಲ್ಲಿ ಒಂದು ವಂಚನೆಯನ್ನು ಕಂಡುಹಿಡಿಯುತ್ತಿತ್ತು. ಹಗ್ಗ ದಿನಾ ಅದೇ ಹೊತ್ತಿಗೆ ಸಡಿಲವಾಗುವುದಿಲ್ಲ. ಹುಣ್ಣಿಮೆಯ ಸುಮಾರಿಗೆ ಒಂದು ದಿನ ಬೆಳಗ್ಗೆ 7 ಗಂಟೆಗೆ ನೀರು ಪೂರ್ತಿ ಇಳಿದಿತ್ತು ಎಂದಿಟ್ಟುಕೊಂಡರೆ, ಮುಂದಿನ ಇಳಿತ ಸಂಜೆ 7 ಗಂಟೆ 25 ನಿಮಿಷಕ್ಕೆ, ಮರುದಿನದ್ದು ಬೆಳಗ್ಗೆ 7 ಗಂಟೆ 50 ನಿಮಿಷಕ್ಕೆ. ಹೀಗೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ವಾರದ ಹೊತ್ತಿಗೆ ಬೆಳಗಿನ ಇಳಿತ ಮಧ್ಯಾಹ್ನಕ್ಕೆ ಸರಿಯುತ್ತದೆ. ಹದಿನೈದು ದಿನಕ್ಕೆ, ಅಂದರೆ ಅಮಾವಾಸ್ಯೆಯ ಹೊತ್ತಿಗೆ, ಹಿಂದೆ ಸಂಜೆ ಬರುತ್ತಿದ್ದ ಇಳಿತ ಬೆಳಗಿನ 7ರ ಸುಮಾರಿಗೆ ಬಂದು ನಿಂತಿರುತ್ತದೆ.

ಸೂರ್ಯನಿಗೆ ಈ 50 ನಿಮಿಷದ ಹಂಗಿಲ್ಲ, ಆ ತಡ ಇರುವುದು ಚಂದ್ರನಿಗೆ. ಭೂಮಿ ಒಂದು ಸುತ್ತು ತಿರುಗಿ ಮುಗಿಸುವಷ್ಟರಲ್ಲಿ ಚಂದ್ರ ತನ್ನ ದಾರಿಯಲ್ಲಿ ತುಸು ಮುಂದೆ ಹೋಗಿರುತ್ತದೆ. ಅದು ಮತ್ತೆ ನೆತ್ತಿಯ ಕಡೆ ಬರಬೇಕಾದರೆ ಸರಾಸರಿ 24 ಗಂಟೆ 50 ನಿಮಿಷ ಬೇಕು. ಭರತವೂ ಇದೇ ಲಯಕ್ಕೆ ಕಟ್ಟುಬಿದ್ದಿದೆ.

ಚಂದ್ರ ಎಳೆಯುವುದೇ ಕಾರಣವಾದರೆ ನೀರು ಅದರ ಕಡೆಗೆ ಮಾತ್ರ ಉಬ್ಬಿ ದಿನಕ್ಕೊಂದೇ ಭರತ ಬರಬೇಕಲ್ಲ ಎಂಬುದು ನ್ಯಾಯವಾದ ಪ್ರಶ್ನೆ. 1687ರಲ್ಲಿ ನ್ಯೂಟನ್ ತೋರಿಸಿದ ಉತ್ತರದ ತಿರುಳು ಇದು: ಭರತವನ್ನು ಹುಟ್ಟಿಸುವುದು ಚಂದ್ರನ ಸೆಳೆತವಲ್ಲ, ಆ ಸೆಳೆತದಲ್ಲಿನ ಹೆಚ್ಚುಕಡಿಮೆ. ಭೂಮಿಯ ನಡುವಿನಿಂದ ಚಂದ್ರ ಭೂಮಿಯ ತ್ರಿಜ್ಯದ ಸುಮಾರು 60 ಪಟ್ಟು ದೂರದಲ್ಲಿದೆ. ಚಂದ್ರನೆದುರಿನ ಬದಿ ಒಂದು ತ್ರಿಜ್ಯದಷ್ಟು ಹತ್ತಿರವಿರುವುದರಿಂದ ಅಲ್ಲಿ ಸೆಳೆತ ಭೂಮಿಯ ನಡುವಿಗಿಂತ ಶೇಕಡ 3ರಷ್ಟು ಹೆಚ್ಚು, ಆಚೆ ಬದಿಯಲ್ಲಿ ಸುಮಾರು ಅಷ್ಟೇ ಕಡಿಮೆ. ಎದುರಿನ ನೀರು ಭೂಮಿಗಿಂತ ತುಸು ಹೆಚ್ಚು ಎಳೆಯಲ್ಪಟ್ಟು ಮುಂದೆ ಉಬ್ಬುತ್ತದೆ. ಆಚೆಯ ನೀರನ್ನು ಭೂಮಿಯಷ್ಟು ಎಳೆಯುವವರಿಲ್ಲದೆ ಅದು ಹಿಂದೆ ಉಳಿದು ಉಬ್ಬುತ್ತದೆ. ಉಬ್ಬು ಎರಡಾದ್ದರಿಂದ, ತಿರುಗುವ ಭೂಮಿಯ ಮೇಲೆ ಕೂತ ಕಾಗೆಗೆ ಭರತವೂ ಎರಡು.

ಈ ಬಲ ನೀರನ್ನು ನೇರವಾಗಿ ಮೇಲಕ್ಕೆತ್ತುತ್ತದೆ ಎಂದುಕೊಳ್ಳುವುದು ಸಾಮಾನ್ಯ ತಪ್ಪು. ಭೂಮಿಯ ಗುರುತ್ವದೆದುರು ಅದು ಕೋಟಿಯಲ್ಲಿ ಒಂದು ಪಾಲಿನಷ್ಟು ಮಾತ್ರ. ನೀರನ್ನು ಅದು ಅಡ್ಡಕ್ಕೆ, ಸಾವಿರಾರು ಕಿಲೋಮೀಟರ್ ಉದ್ದಕ್ಕೂ ಸ್ವಲ್ಪಸ್ವಲ್ಪವೇ ಜಾರಿಸುತ್ತದೆ, ಹಾಗೆ ಜಾರಿದ್ದೆಲ್ಲ ಸೇರಿ ಉಬ್ಬಾಗುತ್ತದೆ. ಕೆರೆಯಲ್ಲಿ, ಅಣೆಕಟ್ಟೆಯಲ್ಲಿ ಭರತ ಕಾಣದಿರುವುದಕ್ಕೆ ಇದೇ ಕಾರಣ. ಅಲ್ಲಿ ಜಾರಲು ಉದ್ದ ಸಾಲದು.

ಸೂರ್ಯನೂ ಸುಮ್ಮನಿಲ್ಲ. ಅದರ ಸೆಳೆತ ಚಂದ್ರನದಕ್ಕಿಂತ ಎಷ್ಟೋ ಪಟ್ಟು ದೊಡ್ಡದು, ಆದರೆ ಅಷ್ಟು ದೂರದಿಂದ ಭೂಮಿಯ ಈ ಬದಿಗೂ ಆ ಬದಿಗೂ ಇರುವ ಸೆಳೆತದ ವ್ಯತ್ಯಾಸ ಕಿರಿದು. ಹಾಗಾಗಿ ಸೂರ್ಯನ ಭರತ ಚಂದ್ರನದರ ಅರ್ಧಕ್ಕಿಂತ ಕಡಿಮೆ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಮೂರೂ ಸಾಲಾಗಿ ನಿಂತಾಗ ಎರಡರ ಉಬ್ಬೂ ಕೂಡಿಕೊಂಡು ನೀರು ಅತಿ ಹೆಚ್ಚು ಏರಿ ಅತಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಸುಮಾರಿಗೆ ಒಂದನ್ನೊಂದು ತಗ್ಗಿಸುತ್ತವೆ. ಅನೇಕ ಕಡೆ ಈ ಪರಿಣಾಮ ಹುಣ್ಣಿಮೆಯ ದಿನವೇ ಕಾಣದೆ ಒಂದೆರಡು ದಿನ ಬಿಟ್ಟು ಕಾಣುತ್ತದೆ.

ಮುದುಕಿಯ ಇನ್ನೊಂದು ವಂಚನೆಯೂ ಉಂಟು. ಅಲಾಸ್ಕಾದಲ್ಲಿ ದಿನದ ಎರಡು ಇಳಿತಗಳು ಸಮವಲ್ಲ. ಒಂದರಲ್ಲಿ ನೀರು ಚೆನ್ನಾಗಿ ಕೆಳಗೆ ಹೋಗುತ್ತದೆ, ಇನ್ನೊಂದರಲ್ಲಿ ಅರೆಬರೆ. ಚಂದ್ರ ಸಾಮಾನ್ಯವಾಗಿ ಭೂಮಧ್ಯರೇಖೆಯ ಉತ್ತರಕ್ಕೋ ದಕ್ಷಿಣಕ್ಕೋ ಸರಿದಿರುವುದರಿಂದ ಎರಡು ಉಬ್ಬುಗಳೂ ಓರೆಯಾಗಿರುತ್ತವೆ. ಒಂದೇ ಊರು ಒಂದು ಉಬ್ಬಿನ ದಪ್ಪ ಭಾಗದ ಹತ್ತಿರ ಹಾದರೆ, ಇನ್ನೊಂದರ ಅಂಚಿನಲ್ಲಿ ಹಾಯುತ್ತದೆ. ಅಲ್ಲಿ ಅತಿ ತಗ್ಗಿನ ಇಳಿತಗಳು ಬೇಸಿಗೆಯಲ್ಲಿ ಬೆಳಗಿನ ಹೊತ್ತು, ಚಳಿಗಾಲದಲ್ಲಿ ಕತ್ತಲಾದ ಮೇಲೆ ಬರುತ್ತವೆ. ಬೆಳಕಿಲ್ಲದೆ ತಿನ್ನಲಾರದ ಕಾಗೆಗೆ ಚಳಿಗಾಲದ ಈ ಏರ್ಪಾಟು ನಷ್ಟದ್ದೇ.

ಎರಡು ಉಬ್ಬುಗಳ ಚಿತ್ರ ಕಾರಣವನ್ನು ತಿಳಿಸುತ್ತದೆ, ಹೊತ್ತನ್ನು ಹೇಳಲಾರದು. ಭೂಮಿಯೆಲ್ಲ ನೀರಾಗಿದ್ದರೆ ಉಬ್ಬು ಅರ್ಧ ಮೀಟರಿನಷ್ಟೇ ಇರುತ್ತಿತ್ತು. ನಿಜದಲ್ಲಿ ಖಂಡಗಳು ಅಡ್ಡ ಬರುತ್ತವೆ, ನೀರು ಸಾಗರದ ತೊಟ್ಟಿಯೊಳಗೆ ಉದ್ದನೆಯ ಅಲೆಯಾಗಿ ತಿರುಗುತ್ತದೆ. ಈ ಬಗೆಯ ಲೆಕ್ಕವನ್ನು 1770ರ ದಶಕದಲ್ಲಿ ಲಾಪ್ಲಾಸ್ ಶುರುಮಾಡಿದ. ಅಮೆರಿಕದ ಆ ಕರಾವಳಿಯಲ್ಲಿ ಅಲೆ ದಕ್ಷಿಣದಿಂದ ಉತ್ತರಕ್ಕೆ ಸಾಗುವುದರಿಂದ ಕ್ಯಾಲಿಫೋರ್ನಿಯಾದಲ್ಲಿ ಮೊದಲು, ಅಲಾಸ್ಕಾದಲ್ಲಿ ಆಮೇಲೆ ನೀರು ತುಂಬುತ್ತದೆ. ಇಕ್ಕಟ್ಟಾದ ಕಾಲುವೆಗಳಿಗೆ ನುಗ್ಗಿದಾಗ ಅದರ ಎತ್ತರವೂ ಹೆಚ್ಚುತ್ತದೆ. ಚಂದ್ರ ನೆತ್ತಿಗೆ ಬಂದ ಹೊತ್ತಿಗೇ ಭರತ ಬರುತ್ತದೆ ಎಂದು ನಂಬಿ ಕೂತವರಿಗೆ ಹೆಚ್ಚಿನ ಊರುಗಳಲ್ಲಿ ನಿರಾಸೆಯೇ ಗತಿ.

ಆದ್ದರಿಂದ ಬಂದರುಗಳಲ್ಲಿ ನೀರಿನ ಮಟ್ಟವನ್ನು ವರ್ಷಗಟ್ಟಲೆ ಅಳೆದು, ಚಂದ್ರ ಸೂರ್ಯರ ಒಂದೊಂದು ಲಯವನ್ನೂ ಅದರಿಂದ ಬೇರ್ಪಡಿಸಿ, ಮುಂದಿನ ವರ್ಷದ ಭರತ ಪಟ್ಟಿಯನ್ನು ಲೆಕ್ಕ ಹಾಕುತ್ತಾರೆ. ಪಟ್ಟಿ ತಪ್ಪುವುದು ಹವೆಯ ಕಾರಣಕ್ಕೆ. ಗಾಳಿಯ ಒತ್ತಡ ಒಂದು ಮಿಲಿಬಾರ್ ಇಳಿದರೆ ಸಮುದ್ರ ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ, ದಡದ ಕಡೆ ಬೀಸುವ ಬಿರುಗಾಳಿ ಇನ್ನಷ್ಟು ನೀರನ್ನು ಒಟ್ಟುತ್ತದೆ. ಅಂಥ ದಿನ ಇಳಿತದ ಹೊತ್ತು ಬಂದರೂ ಕೆಳಗಿನ ಬಂಡೆಗಳು ಬಯಲಾಗುವುದಿಲ್ಲ, ಚಿಪ್ಪು ಹುಡುಕುವವರು ಮೇಲಿನ ಕಲ್ಲುಗಳಲ್ಲೇ ತೃಪ್ತಿಪಡಬೇಕಾಗುತ್ತದೆ.