ಲಾಕರ್ ಬಾಡಿಗೆಯೇ ವಿಮೆಯಲ್ಲ

ಬ್ಯಾಂಕ್ ಲಾಕರಿನೊಳಗೆ ಏನಿದೆಯೆಂಬುದು ಬ್ಯಾಂಕಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಅದು ಆ ಒಡವೆಗೆ ವಿಮೆ ಮಾಡಿಸುವುದೂ ಇಲ್ಲ. 2022ರ ಜನವರಿಯಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದಂತೆ ಬೆಂಕಿ, ಕಳ್ಳತನ, ಕಟ್ಟಡ ಕುಸಿತ ಅಥವಾ ಸಿಬ್ಬಂದಿಯ ವಂಚನೆಯಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ನೂರು ಪಟ್ಟಿಗೆ ಸೀಮಿತ. ಭೂಕಂಪ, ಪ್ರವಾಹಗಳಿಗೆ, ಬ್ಯಾಂಕಿನ ನಿರ್ಲಕ್ಷ್ಯವಿಲ್ಲದಿದ್ದರೆ, ಅದೂ ಇಲ್ಲ.

ಬಾಡಿಗೆ 3,000 ರೂಪಾಯಿ ಎಂದುಕೊಳ್ಳೋಣ. ಶೇ 18 ಜಿಎಸ್‌ಟಿ ಸೇರಿ ವರ್ಷದ ಖರ್ಚು 3,540. ಒಳಗೆ 10 ಲಕ್ಷದ ಚಿನ್ನವಿದ್ದರೂ ಪರಿಹಾರದ ಮಿತಿ 3 ಲಕ್ಷ. ಉಳಿದ 7 ಲಕ್ಷಕ್ಕೆ ಮಾಲೀಕರೇ ಪ್ರತ್ಯೇಕ ಪಾಲಿಸಿ ಮಾಡಿಸಬೇಕು. ಬಾಡಿಗೆ ಅಗ್ಗವೆನಿಸುವುದು ಈ ಲೆಕ್ಕ ಹಾಕುವವರೆಗೆ ಮಾತ್ರ.

ಮನೆಯ ತಿಜೋರಿಗೆ ಖರ್ಚು ಒಂದೇ ಸಲ. ಆದರೆ ಗೋಡೆಗೋ ನೆಲಕ್ಕೋ ಬೋಲ್ಟ್ ಹಾಕದ ಸಣ್ಣ ಪೆಟ್ಟಿಗೆಯನ್ನು ಕಳ್ಳರು ಹಾಗೆಯೇ ಹೊತ್ತೊಯ್ಯಬಹುದು. ಗೃಹವಿಮೆಯಲ್ಲಿ ಒಡವೆಯನ್ನು ಸೇರಿಸಲು ಮೌಲ್ಯಮಾಪಕರ ಪ್ರಮಾಣಪತ್ರ ಕೇಳುವುದುಂಟು. ಬೀಗ ಮುರಿದ ಗುರುತಿಲ್ಲದ ಕಳವಿಗೆ ಅನೇಕ ಪಾಲಿಸಿಗಳು ಹಣ ಕೊಡುವುದಿಲ್ಲ.

ಕೆಲವು ಖಾಸಗಿ ವಾಲ್ಟ್‌ಗಳಲ್ಲಿ ಚಿನ್ನದ ಮೌಲ್ಯದ ಮೇಲೆ ಶೇಕಡಾವಾರು ಶುಲ್ಕವಿರುತ್ತದೆ. ಶೇ 0.5 ಆದರೆ 10 ಲಕ್ಷಕ್ಕೆ ವರ್ಷಕ್ಕೆ 5,000 ರೂಪಾಯಿ. ಚಿನ್ನದ ಬೆಲೆ ಏರಿದರೆ ಶುಲ್ಕವೂ ಏರುತ್ತದೆ. ಅದರಲ್ಲಿ ವಿಮೆ ಸೇರಿದ್ದರೂ ಪರಿಹಾರದ ಮಿತಿ ಎಷ್ಟು, ಪಾಲಿಸಿ ಯಾರ ಹೆಸರಿನಲ್ಲಿದೆ ಎಂಬುದನ್ನು ಒಪ್ಪಂದದಲ್ಲಿಯೇ ನೋಡಬೇಕು.